ಬಾನ ದಾರಿಯ ಒಂದು ನಿಮಿಷ: ಅಪ್ಪು ಅಗಲಿದ ವಾರದ ಒಂದು ಎಡಿಟ್‌ನ ಪ್ರಕರಣ ಅಧ್ಯಯನ

2021ರ ಅಕ್ಟೋಬರ್ 29ರ ಶುಕ್ರವಾರ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡರು. ಅವರಿಗೆ ಆಗ 46 ವರ್ಷ. ಅಣ್ಣ ಶಿವರಾಜ್‌ಕುಮಾರ್ ನಾಯಕರಾಗಿದ್ದ ಚಿತ್ರವೊಂದು ಅದೇ ದಿನ ತೆರೆಗೆ ಬಂದಿತ್ತು. ಕಂಠೀರವ ಕ್ರೀಡಾಂಗಣದಲ್ಲಿ ಅಂತಿಮ ದರ್ಶನಕ್ಕೆ ಲಕ್ಷಾಂತರ ಜನ ಸಾಲುಗಟ್ಟಿದರು. 31ರ ಭಾನುವಾರ ಕಂಠೀರವ ಸ್ಟುಡಿಯೋದಲ್ಲಿ ತಂದೆ ತಾಯಿಯ ಸಮಾಧಿಗಳ ಬಳಿಯಲ್ಲೇ ಅಂತ್ಯಸಂಸ್ಕಾರ ನಡೆಯಿತು. ಈ ಮೂರು ದಿನಗಳಲ್ಲಿ, ಅದರ ನಂತರದ ವಾರಗಳಲ್ಲಿ, ಕರ್ನಾಟಕದ ಬಹುಪಾಲು ಮೊಬೈಲುಗಳಲ್ಲಿ ಒಂದೇ ಬಗೆಯ ಕಿರುಚಿತ್ರಿಕೆಗಳು ಓಡಾಡಿದವು. ಅಪ್ಪು ಅವರ ಚಿತ್ರಗಳಿಂದ ಆಯ್ದ ದೃಶ್ಯಗಳನ್ನು ನಿಧಾನಗೊಳಿಸಿ ಒಂದರ ಮುಂದೊಂದು ಜೋಡಿಸಿ, ಮೂಲ ಸಂಭಾಷಣೆಯನ್ನು ತೆಗೆದುಹಾಕಿ, ಅದರ ಜಾಗದಲ್ಲಿ ಒಂದು ಶೋಕದ ಸಂಗೀತವನ್ನು ಹಾಸಿದ ಈ ತುಣುಕುಗಳನ್ನು ಮಾಡುವವರೂ ನೋಡುವವರೂ 'ಎಡಿಟ್' ಎಂದು ಕರೆಯುತ್ತಾರೆ. ವಾಟ್ಸಾಪ್ ಸ್ಟೇಟಸ್‌ಗೆ ಹಾಕಿಕೊಂಡರೆ ಅದೇ 'ಸ್ಟೇಟಸ್ ವಿಡಿಯೋ' ಆಗುತ್ತದೆ.

ಈ ಬರಹ ಅಂಥ ನೂರಾರು ಎಡಿಟ್‌ಗಳ ಸಮೀಕ್ಷೆಯಲ್ಲ. ಅವುಗಳ ಪೈಕಿ ಒಂದನ್ನು ಎತ್ತಿಕೊಂಡು, ಅದು ಹೇಗೆ ತಯಾರಾಯಿತು, ಮಾಡಿದವನು ಏಕೆ ಮಾಡಿದ, ನೋಡಿದವರಿಗೆ ಏನಾಯಿತು ಎಂಬುದನ್ನು ಬಿಡಿಸಿ ನೋಡುವ ಪ್ರಯತ್ನ. ಮಾಡಿದವನು ಹಳೇ ಮೈಸೂರು ಭಾಗದವನು, ಆಗ ಡಿಪ್ಲೊಮಾ ವಿದ್ಯಾರ್ಥಿ. ತನ್ನ ಹೆಸರು ಬರುವುದು ಅವನಿಗೆ ಬೇಕಿಲ್ಲ. ಅವನ ಎಡಿಟ್ 58 ಸೆಕೆಂಡುಗಳದ್ದು ಮತ್ತು ಅದರಲ್ಲಿ 17 ಶಾಟ್‌ಗಳಿವೆ. ಆ ವಾರದ ಬೇರೆ ಎಡಿಟ್‌ಗಳಿಗಿಂತ ಇದು ಭಿನ್ನವಾಗಿ ಕಂಡದ್ದು ಒಂದು ಕಾರಣಕ್ಕೆ. ಹೆಚ್ಚಿನವರು ಎಲ್ಲಿಂದಲೋ ತಂದ ಪಿಯಾನೊ ಅಥವಾ ಕೊಳಲಿನ ಶೋಕವಾದ್ಯವನ್ನು ಹಿನ್ನೆಲೆಗೆ ಹಾಕಿದ್ದರೆ, ಇವನು ಹಾಕಿದ್ದು ಸ್ವತಃ ಪುನೀತರ ದನಿಯನ್ನೇ, ಅದೂ ಅವರು ಬಾಲಕನಾಗಿದ್ದಾಗಿನ ದನಿಯನ್ನು.

ಆ ಹಾಡು 1981ರ 'ಭಾಗ್ಯವಂತ' ಚಿತ್ರದ 'ಬಾನ ದಾರಿಯಲ್ಲಿ ಸೂರ್ಯ ಜಾರಿ ಹೋದ'. ಆಗ ಮಾಸ್ಟರ್ ಲೋಹಿತ್ ಎಂಬ ಹೆಸರಿನಲ್ಲಿದ್ದ ಪುನೀತ್ ಅದನ್ನು ತಾವೇ ಹಾಡಿದ್ದರು. 1975ರ ಮಾರ್ಚ್ 17ರಂದು ಹುಟ್ಟಿದ ಮಗುವಿಗೆ ಹಾಡಿನ ಹೊತ್ತಿಗೆ ಆರರ ಆಸುಪಾಸು. ಇದು ಶೋಕಗೀತೆಯಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಇದು ಜೋಗುಳ. ಸೂರ್ಯ ಮುಳುಗಿದ, ಚಂದ್ರ ಬಂದ, ರಾತ್ರಿಯಾಯಿತು, ಇನ್ನು ಮಲಗು ಎಂದು ಮಗುವೊಂದು ಇನ್ನೊಂದು ಮಗುವಿಗೆ ಹೇಳುವ ಹಾಡು. ನಲವತ್ತು ವರ್ಷ ಕನ್ನಡದ ಮನೆಗಳಲ್ಲಿ ಅದನ್ನು ಮಕ್ಕಳನ್ನು ಮಲಗಿಸುವುದಕ್ಕೆ ಹಾಡಿದ್ದಾರೆಯೇ ಹೊರತು ಅಳುವುದಕ್ಕಲ್ಲ. ಅಕ್ಟೋಬರ್ 29ರ ಮಧ್ಯಾಹ್ನದ ನಂತರ ಅದೇ ಸಾಲುಗಳು, ಒಂದಕ್ಷರವೂ ಬದಲಾಗದೆ, ಬೇರೆ ಹಾಡಾಗಿಬಿಟ್ಟವು. ಜಾರಿಹೋದ ಸೂರ್ಯ ಯಾರು ಎಂದು ಯಾರಿಗೂ ವಿವರಿಸಬೇಕಾಗಿರಲಿಲ್ಲ. 1982ರ 'ಚಲಿಸುವ ಮೋಡಗಳು' ಚಿತ್ರದಲ್ಲಿ ಅವರೇ ಹಾಡಿದ್ದ 'ಕಾಣದಂತೆ ಮಾಯವಾದನು' ಎಂಬ ತುಂಟ ಹಾಡಿಗೂ ಅದೇ ಗತಿಯಾಯಿತು. ಆ ವಾರ ಅದೂ ಎಡಿಟ್‌ಗಳಲ್ಲಿ ಸಾಕಷ್ಟು ಬಳಕೆಯಾಯಿತು. ನಮ್ಮ ಸಂಕಲನಕಾರ ಅದನ್ನು ಮೊದಲು ಪರಿಶೀಲಿಸಿ ಕೈಬಿಟ್ಟ. ಆ ಹಾಡಿನ ಲಯದಲ್ಲೇ ಕುಣಿತವಿದೆ, ಎಷ್ಟು ನಿಧಾನಿಸಿದರೂ ಕಾಲು ಆಡುತ್ತಲೇ ಇರುತ್ತದೆ ಎಂಬುದು ಅವನ ಆಕ್ಷೇಪ.

ನಿಧಾನಿಸುವುದರ ಲೆಕ್ಕವನ್ನು ಇಲ್ಲಿ ಸ್ವಲ್ಪ ನೋಡಬೇಕು, ಏಕೆಂದರೆ ಶೋಕದ ಎಡಿಟ್‌ಗಳ ಅರ್ಧ ಪರಿಣಾಮ ಅಲ್ಲೇ ನಿರ್ಧಾರವಾಗುತ್ತದೆ. 'ಸ್ಲೋಡ್ ಅಂಡ್ ರಿವರ್ಬ್' ಎಂದು ಹೆಸರಾಗಿರುವ ಈ ಪದ್ಧತಿಯಲ್ಲಿ ಹಾಡನ್ನು ಹಳೆಯ ಟೇಪಿನಂತೆ ನಿಧಾನವಾಗಿ ಓಡಿಸುತ್ತಾರೆ. ಹಾಗೆ ಓಡಿಸಿದಾಗ ವೇಗದ ಜೊತೆಗೆ ಶ್ರುತಿಯೂ ಇಳಿಯುತ್ತದೆ. ಮೂಲದ ಶೇ. 90ರ ವೇಗಕ್ಕೆ ತಂದರೆ ಶ್ರುತಿ ಸುಮಾರು ಎರಡು ಸ್ವರಸ್ಥಾನಗಳಷ್ಟು ಕೆಳಗೆ ಬರುತ್ತದೆ, ಶೇ. 80ಕ್ಕೆ ತಂದರೆ ನಾಲ್ಕಕ್ಕೆ ಸ್ವಲ್ಪ ಕಡಿಮೆ. ದೊಡ್ಡವರ ದನಿಯಿರುವ ಹಾಡಿಗೆ ಶೇ. 80 ನಡೆಯುತ್ತದೆ. ದನಿಗೆ ಒಂದು ದಣಿವು, ಭಾರ ಬರುತ್ತದೆ, ಕೇಳುವವರು ಅದನ್ನೇ ದುಃಖವೆಂದು ಓದಿಕೊಳ್ಳುತ್ತಾರೆ. ಮಗುವಿನ ದನಿಗೆ ಹಾಗೆ ಮಾಡಿದರೆ ಅದು ಮಗುವಿನ ದನಿಯಾಗಿ ಉಳಿಯುವುದಿಲ್ಲ, ಮೀಸೆ ಮೂಡುತ್ತಿರುವ ಹುಡುಗನೊಬ್ಬ ಹಾಡಿದಂತೆ ಕೇಳುತ್ತದೆ. ಮೊದಲ ಪ್ರತಿಯಲ್ಲಿ ಇವನು ಶೇ. 80ನ್ನೇ ಇಟ್ಟಿದ್ದ. ಅವನ ತಾಯಿ ಅದನ್ನು ಕೇಳಿ, "ಇದು ಯಾರು ಹಾಡಿರೋದು?" ಎಂದು ಕೇಳಿದರಂತೆ. ಆ ಪ್ರಶ್ನೆಯಿಂದಲೇ ಅವನಿಗೆ ದೋಷ ತಿಳಿಯಿತು. ಆರು ವರ್ಷದ ಅಪ್ಪು ಎಂದು ಮೊದಲ ಉಸಿರಿನಲ್ಲೇ ಗುರುತು ಸಿಗದಿದ್ದರೆ ಈ ಎಡಿಟ್‌ಗೆ ಆಧಾರವೇ ಇಲ್ಲ. ಕೊನೆಗೆ ಶೇ. 92ಕ್ಕೆ ನಿಲ್ಲಿಸಿ, ಉಳಿದ ಕೆಲಸವನ್ನು ರಿವರ್ಬ್‌ಗೆ ಬಿಟ್ಟ. ರಿವರ್ಬ್ ಎಂದರೆ ದನಿಯ ಹಿಂದೆ ಒಂದು ಖಾಲಿ ಸಭಾಂಗಣದ ಪ್ರತಿಧ್ವನಿಯನ್ನು ಸೇರಿಸುವುದು. ಇದು ದನಿಯನ್ನು ದುಃಖಭರಿತವಾಗಿಸುವುದಕ್ಕಿಂತ ಹೆಚ್ಚಾಗಿ ದೂರದಲ್ಲಿಡುತ್ತದೆ, ಹಾಡುವವನು ಈ ಕೋಣೆಯಲ್ಲಿಲ್ಲ ಎಂದು ಕಿವಿಗೆ ಹೇಳುತ್ತದೆ. ಅತಿಯಾದರೆ ಸಾಹಿತ್ಯ ಕಲಸಿಹೋಗುತ್ತದೆ. ಎಂಬತ್ತರ ದಶಕದ ಧ್ವನಿಮುದ್ರಣದಲ್ಲಿ ವಾದ್ಯ ಮತ್ತು ಕಂಠ ಒಂದೇ ಪದರದಲ್ಲಿ ಬೆರೆತಿರುವುದರಿಂದ ಈ ಅಪಾಯ ಇನ್ನೂ ಹೆಚ್ಚು.

ಇನ್ನು ದೃಶ್ಯಗಳು. ಶೋಕದ ಎಡಿಟ್ ಮಾಡಲು ಕುಳಿತವರು ಸಹಜವಾಗಿ ಹುಡುಕುವುದು ನಾಯಕ ಅಳುವ ದೃಶ್ಯಗಳನ್ನು. ಆ ವಾರದ ಬಹಳಷ್ಟು ಎಡಿಟ್‌ಗಳಲ್ಲಿ ಕಣ್ಣೀರಿನ ಕ್ಲೋಸಪ್‌ಗಳು ಧಾರಾಳವಾಗಿದ್ದವು. ಈ ಎಡಿಟ್‌ನಲ್ಲಿ ಒಂದೂ ಇಲ್ಲ. ಇದು ಆಕಸ್ಮಿಕವಲ್ಲ, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದಲ್ಲಿ ಕಲಿಯತಕ್ಕದ್ದು ಇದೇ. ಚಿತ್ರದಲ್ಲಿ ನಾಯಕ ಅಳುವಾಗ ಅವನು ಕಥೆಯೊಳಗಿನ ಯಾರಿಗೋ ಅಳುತ್ತಿರುತ್ತಾನೆ. ಆ ದೃಶ್ಯವನ್ನು ಕಥೆಯಿಂದ ಕಿತ್ತು ತಂದಾಗಲೂ ಆ ಪ್ರಶ್ನೆ ಅದಕ್ಕೆ ಅಂಟಿಕೊಂಡೇ ಬರುತ್ತದೆ. ಇವನು ಯಾರಿಗಾಗಿ ಅಳುತ್ತಿದ್ದಾನೆ, ಇದು ಯಾವ ಸಿನಿಮಾ ಎಂದು ನೋಡುಗನ ಮನಸ್ಸು ಒಂದು ಕ್ಷಣ ಹುಡುಕಾಟಕ್ಕೆ ಹೋಗುತ್ತದೆ, ಅಷ್ಟರಲ್ಲಿ ದುಃಖ ನಟನೆಯಾಗಿ ಕಾಣುತ್ತದೆ. ಅದಕ್ಕಿಂತ ಹೆಚ್ಚಾಗಿ, ಇಲ್ಲಿ ಅಳಬೇಕಾದವರು ನೋಡುಗರು. ತೆರೆಯ ಮೇಲಿನವನೂ ಅಳತೊಡಗಿದರೆ ಅವರ ಕೆಲಸವನ್ನು ಅವನೇ ಮಾಡಿಬಿಟ್ಟಂತಾಗುತ್ತದೆ. ನಗು ಹಾಗಲ್ಲ. ಪುನೀತರ ನಗು ಪಾತ್ರದಿಂದ ಪಾತ್ರಕ್ಕೆ ಅಷ್ಟೇನೂ ಬದಲಾಗುತ್ತಿರಲಿಲ್ಲ, 2002ರ 'ಅಪ್ಪು'ವಿನಲ್ಲಿದ್ದ ನಗು 2021ರ 'ಯುವರತ್ನ'ದಲ್ಲೂ ಇದೆ. ಜನ ಅದನ್ನು ಪಾತ್ರದ್ದೆಂದು ಎಂದೂ ಎಣಿಸಿರಲಿಲ್ಲ, ಅವರದೇ ಎಂದು ನಂಬಿದ್ದರು. ಹೀಗಾಗಿ ಕಥೆಯಿಂದ ಬಿಡಿಸಿ ತರಲು ಅತಿ ಸುಲಭವಾದದ್ದು ಅದೇ, ಮತ್ತು ಶೋಕದ ಸ್ವರದ ಕೆಳಗೆ ಇಟ್ಟಾಗ ಅತಿ ತೀವ್ರವಾಗಿ ಚುಚ್ಚುವುದೂ ಅದೇ.

ಮುಖ ಒಂದೇ ಇದ್ದು ಪಕ್ಕದಲ್ಲಿ ಇಟ್ಟದ್ದು ಬದಲಾದರೆ ಮುಖದ ಭಾವವೇ ಬದಲಾದಂತೆ ಕಾಣುತ್ತದೆ ಎಂಬುದನ್ನು ಸಿನಿಮಾ ಬಲ್ಲವರು ರಷ್ಯಾದ ಲೆವ್ ಕುಲೆಶೋವ್ ಹೆಸರಿನಲ್ಲಿ ನೂರು ವರ್ಷದಿಂದ ಹೇಳುತ್ತಾ ಬಂದಿದ್ದಾರೆ. ಆದರೆ ಇಲ್ಲಿ ನಡೆದದ್ದು ಪೂರ್ತಿಯಾಗಿ ಅದಲ್ಲ. ಜೋಗುಳದ ಸಂಗೀತ ನಗುವನ್ನು ದುಃಖದ ಮುಖವನ್ನಾಗಿ ಬದಲಾಯಿಸಲಿಲ್ಲ. ನಗು ನಗುವಾಗಿಯೇ ಉಳಿಯಿತು. ತನಗೆ ಮುಂದೇನಾಗಲಿದೆ ಎಂದು ಅದಕ್ಕೆ ತಿಳಿದಿಲ್ಲ, ನೋಡುಗರಿಗೆ ತಿಳಿದಿದೆ. ಆ ಎರಡರ ನಡುವಿನ ಅಂತರದಲ್ಲಿ ನೋವು ಹುಟ್ಟುತ್ತದೆ, ಸಂಗೀತ ಆ ಅಂತರವನ್ನು ಮುಚ್ಚದಂತೆ ಹಿಡಿದಿರುತ್ತದೆ ಅಷ್ಟೆ.

ಶಾಟ್‌ಗಳ ಆಯ್ಕೆಯಲ್ಲಿ ಕೆಲವು ಸಣ್ಣ ತಾಂತ್ರಿಕ ಬಂಧನಗಳೂ ಇದ್ದವು. ಹಾಡಿನ ದೃಶ್ಯಗಳಲ್ಲಿ ತುಟಿ ಬೇರೆ ಹಾಡಿಗೆ ಆಡುತ್ತಿರುತ್ತದೆ, ಅದನ್ನು ಇನ್ನೊಂದು ಹಾಡಿನ ಕೆಳಗಿಟ್ಟರೆ ಕಣ್ಣು ತಕ್ಷಣ ಹಿಡಿದುಬಿಡುತ್ತದೆ. ಹಾಗಾಗಿ ಬಾಯಿ ಮುಚ್ಚಿದ ನಗು, ತಿರುಗಿ ನೋಡುವ ನೋಟ, ಬೆನ್ನು ಕಾಣಿಸಿ ನಡೆದು ಹೋಗುವ ನಡಿಗೆ ಇವೇ ಹೆಚ್ಚಾಗಿ ಉಳಿದವು. ಚಲನಚಿತ್ರ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಓಡುತ್ತದೆ. ಅದನ್ನು ಅರ್ಧ ವೇಗಕ್ಕೆ ಇಳಿಸಿದರೆ ಸೆಕೆಂಡಿಗೆ 12 ಬೇರೆ ಬೇರೆ ಚೌಕಟ್ಟುಗಳಷ್ಟೇ ಸಿಗುತ್ತವೆ, ಚಲನೆ ಕುಂಟುತ್ತದೆ. ನಡುವಿನ ಚೌಕಟ್ಟುಗಳನ್ನು ಸಾಫ್ಟ್‌ವೇರಿನಿಂದ ಊಹಿಸಿ ತುಂಬಿಸಬಹುದು, ಆದರೆ ಕುಣಿಯುವ ಕೈಬೆರಳು, ಹಿನ್ನೆಲೆಯ ಮರದ ಎಲೆ, ಜನಜಂಗುಳಿ ಇಂಥ ಕಡೆ ಚಿತ್ರ ಕರಗಿದಂತೆ ವಿಕಾರವಾಗುತ್ತದೆ. ಪುನೀತರ ನೃತ್ಯ ಅಷ್ಟು ಪ್ರಸಿದ್ಧವಾಗಿದ್ದರೂ ಈ ಎಡಿಟ್‌ನಲ್ಲಿ ನೃತ್ಯದ ಒಂದೇ ಒಂದು ಶಾಟ್ ಇರುವುದಕ್ಕೆ ಇದೇ ಕಾರಣ, ಮತ್ತು ಅದನ್ನು ಮೂಲ ವೇಗದಲ್ಲೇ ಬಿಡಲಾಗಿದೆ. ಹದಿನಾರು ನಿಧಾನದ ಶಾಟ್‌ಗಳ ನಡುವೆ ಅದೊಂದು ಒಮ್ಮೆಗೇ ಜೀವಂತವಾಗಿ ಚಿಮ್ಮುತ್ತದೆ. ಇದನ್ನು ಅವನು ಯೋಜಿಸಿರಲಿಲ್ಲವೆಂದು ಒಪ್ಪುತ್ತಾನೆ, ಆದರೆ ನೋಡಿದ ಹಲವರು ನೆನಪಿನಲ್ಲಿಟ್ಟುಕೊಂಡದ್ದು ಆ ಶಾಟನ್ನೇ.

ಇನ್ನೊಂದು ಬಂಧನ ಚೌಕಟ್ಟಿನ ಆಕಾರ. ಈಚಿನ ಚಿತ್ರಗಳ ಅಗಲ ಎತ್ತರದ 2.39 ಪಟ್ಟು. ನಿಲುವಾಗಿ ಹಿಡಿದ ಮೊಬೈಲಿನ ಪರದೆಯಲ್ಲಿ ಅಗಲವೇ ಎತ್ತರದ ಸುಮಾರು ಅರ್ಧ. ಎತ್ತರವನ್ನು ಪೂರ್ತಿ ಉಳಿಸಿಕೊಂಡು ಅಂಥ ದೃಶ್ಯವನ್ನು ಮೊಬೈಲಿಗೆ ಕತ್ತರಿಸಿದರೆ ಉಳಿಯುವುದು ಮೂಲ ಚಿತ್ರದ ಕಾಲುಭಾಗಕ್ಕಿಂತ ಕಡಿಮೆ. ಇಬ್ಬರು ಎದುರುಬದುರು ಕುಳಿತ ದೃಶ್ಯದಲ್ಲಿ ಒಬ್ಬರು ಮಾತ್ರ ಉಳಿಯುತ್ತಾರೆ. ಕುಟುಂಬದ ನಡುವೆ ನಿಂತು ನಕ್ಕ ನಾಯಕ ಒಂಟಿಯಾಗಿ, ಯಾರನ್ನೋ ನೋಡಿ ನಗುತ್ತಿರುವಂತೆ ಕಾಣುತ್ತಾನೆ. ಶೋಕದ ಎಡಿಟ್‌ಗಳಲ್ಲಿ ಎಲ್ಲರೂ ಗಮನಿಸುವ ಏಕಾಂತದ ಭಾವ ಬಹಳ ಮಟ್ಟಿಗೆ ಹೀಗೆ ಕತ್ತರಿಯಿಂದ ಹುಟ್ಟಿದ್ದು, ನಿರ್ದೇಶಕ ಇಟ್ಟದ್ದಲ್ಲ. 'ರಾಜಕುಮಾರ' ಚಿತ್ರದ ವೃದ್ಧಾಶ್ರಮದ ದೃಶ್ಯವೊಂದನ್ನು ಇವನು ಹೀಗೆ ಕತ್ತರಿಸಿದಾಗ ಸುತ್ತಲಿದ್ದ ಹಿರಿಯರೆಲ್ಲ ಚೌಕಟ್ಟಿನ ಹೊರಗೆ ಹೋದರು. ನೋಡುಗರಿಗೆ ಅದು ಬೇಸರವಾಗಲಿಲ್ಲ. ಆ ಖಾಲಿ ಜಾಗದಲ್ಲಿ ತಾವೇ ನಿಂತಂತೆ ಅನಿಸಿತೆಂದು ಒಬ್ಬರು ಹೇಳಿದರು.

ಎಡಿಟ್‌ನ ನಡಿಗೆ ಹೀಗಿದೆ. ಮೊದಲ ನಾಲ್ಕು ಸೆಕೆಂಡು ಸಂಗೀತವಿಲ್ಲ, ದೃಶ್ಯದೊಳಗಿನ ಒಂದು ನಗುವಿನ ಸದ್ದು ಮಾತ್ರ. ಅದು ಮುಗಿಯುವ ಮುನ್ನವೇ ಮಗುವಿನ ದನಿ ಶುರುವಾಗುತ್ತದೆ. ಮೊದಲ ಹದಿನೈದು ಸೆಕೆಂಡು ನಾಯಕನಾದ ಮೇಲಿನ ಚಿತ್ರಗಳು. ದನಿ ಆರು ವರ್ಷದ್ದು, ಮುಖ ನಲವತ್ತು ದಾಟಿದ್ದು. ಈ ವೈದೃಶ್ಯವನ್ನು ಯಾವ ವಿವರಣೆಯೂ ಇಲ್ಲದೆ ಬಿಟ್ಟಿರುವುದರಿಂದ ನೋಡುಗನೇ ಎರಡನ್ನೂ ಕೂಡಿಸಿಕೊಳ್ಳಬೇಕು. ನಂತರ ಕಾಲ ಹಿಂದಕ್ಕೆ ಸರಿಯುತ್ತದೆ, 2017, 2007, 2002. ಅಲ್ಲಿಂದ ನೇರವಾಗಿ ಎಂಬತ್ತರ ದಶಕಕ್ಕೆ ಜಿಗಿತ, ಏಕೆಂದರೆ ನಡುವಿನ ಹನ್ನೆರಡು ಹದಿಮೂರು ವರ್ಷ ಅವರು ತೆರೆಯಿಂದ ದೂರವಿದ್ದರು. 1983ರ 'ಭಕ್ತ ಪ್ರಹ್ಲಾದ'ದ ಒಂದು ಮುಖ, ಕೊನೆಗೆ 1985ರ 'ಬೆಟ್ಟದ ಹೂವು' ಚಿತ್ರದ ಹುಡುಗ. ಪುಸ್ತಕ ಕೊಳ್ಳಲು ಕಾಸು ಕೂಡಿಡುವ ಆ ಹುಡುಗನ ಪಾತ್ರಕ್ಕೆ ಪುನೀತರಿಗೆ ಶ್ರೇಷ್ಠ ಬಾಲನಟನ ರಾಷ್ಟ್ರಪ್ರಶಸ್ತಿ ಬಂದಿತ್ತು. ಹಾಡಿನಲ್ಲಿ ಮಲಗು ಎಂದು ಹೇಳುವ ಸಾಲು ಆ ಹುಡುಗನ ಮುಖದ ಮೇಲೆ ಬೀಳುತ್ತದೆ, ಅಲ್ಲಿಗೆ ಎಡಿಟ್ ಮುಗಿಯುತ್ತದೆ.

ಆ ಸಾಲನ್ನು ಎಲ್ಲಿಡಬೇಕೆಂಬುದರ ಬಗ್ಗೆ ಅವನಿಗೆ ಒಂದು ರಾತ್ರಿಯ ತೊಳಲಾಟವಿತ್ತು. ಮೊದಲ ಕರಡಿನಲ್ಲಿ ಅದನ್ನು ದೊಡ್ಡವರಾದ ಪುನೀತ್ ಕಣ್ಣು ಮುಚ್ಚಿರುವ ಶಾಟ್‌ನ ಮೇಲೆ ಇಟ್ಟಿದ್ದ. ತರ್ಕಕ್ಕೆ ಅದೇ ಸರಿ. ಆದರೆ ಟಿ.ವಿ. ವಾಹಿನಿಗಳು ಎರಡು ದಿನ ಪಾರ್ಥಿವ ಶರೀರವನ್ನು ಬಿಡದೆ ತೋರಿಸಿದ್ದ ವಾರವದು. ಕಣ್ಣು ಮುಚ್ಚಿದ ಮುಖ ಎಂದರೆ ಎಲ್ಲರಿಗೂ ಆ ಗಾಜಿನ ಪೆಟ್ಟಿಗೆಯೇ ನೆನಪಾಗುತ್ತಿತ್ತು. ತೋರಿಸಿದ ಗೆಳೆಯರಿಬ್ಬರೂ ಅಲ್ಲಿ ಮುಖ ತಿರುಗಿಸಿದರು. ಹೀಗೆ ಮುಖ ತಿರುಗಿಸುವುದು ಎಡಿಟ್ ಸೋತದ್ದರ ಖಚಿತ ಗುರುತು. ಕಣ್ಣು ತುಂಬಿ ಬಂದರೂ ನೋಡುತ್ತಲೇ ಇರುವಂತಾಗಬೇಕು. ಆಂಬುಲೆನ್ಸ್, ಮೆರವಣಿಗೆ, ಮನೆಯವರ ರೋದನ ಇವುಗಳನ್ನು ಬೆರೆಸಿದ ಎಡಿಟ್‌ಗಳು ಹೆಚ್ಚು ಜನರನ್ನು ತಲುಪಿರಬಹುದು, ಆದರೆ ಅವುಗಳನ್ನು ಎರಡನೆಯ ಸಲ ನೋಡಿದವರನ್ನು ನಾನು ಕಂಡಿಲ್ಲ. ಸುದ್ದಿಯ ದೃಶ್ಯ ಸಾವನ್ನು ಮತ್ತೊಮ್ಮೆ ನಡೆಸುತ್ತದೆ. ಸಿನಿಮಾದ ದೃಶ್ಯಕ್ಕೆ ಸಾವಿನ ಸುಳಿವೇ ಇಲ್ಲ, ಆದ್ದರಿಂದಲೇ ಅದನ್ನು ಮತ್ತೆ ಮತ್ತೆ ನೋಡಲು ಆಗುತ್ತದೆ.

ಅವನು ಇದನ್ನು ಮಾಡಿದ್ದೇಕೆ? ಮೊದಲ ಸಲ ಕೇಳಿದಾಗ ಸಿಕ್ಕ ಉತ್ತರ "ಅಪ್ಪು ಬಾಸ್‌ಗೆ ನಮ್ಮ ಕಡೆಯಿಂದ ಒಂದು ನಮನ" ಎಂಬ ಎಲ್ಲರೂ ಹೇಳುವ ಮಾತು. ಮಾತು ಮುಂದುವರಿದಂತೆ ಇನ್ನೂ ಕೆಲವು ಸಂಗತಿಗಳು ಹೊರಬಂದವು. ಅವನಿಗೆ ಬೆಂಗಳೂರಿಗೆ ಹೋಗಲಾಗಲಿಲ್ಲ. ಊರಿನಿಂದ ಒಂದು ವ್ಯಾನ್ ಹೊರಟಿತ್ತು, ಅಜ್ಜಿಗೆ ಹುಷಾರಿಲ್ಲದ ಕಾರಣ ಅವನು ಉಳಿದ. ಸಾಲಿನಲ್ಲಿ ನಿಂತು ದರ್ಶನ ಪಡೆದವರಿಗೆ ತಾವು ಏನೋ ಮಾಡಿದೆವೆಂಬ ಸಮಾಧಾನವಿತ್ತು, ಕೈಕಾಲಿಗೆ ದಣಿವಿತ್ತು, ಹೇಳಿಕೊಳ್ಳಲು ಕಥೆಯಿತ್ತು. ಇವನಿಗೆ ಅದ್ಯಾವುದೂ ಇರಲಿಲ್ಲ. ಎರಡು ರಾತ್ರಿ ಕುಳಿತು ಹಳೆಯ ಚಿತ್ರಗಳನ್ನು ಓಡಿಸಿ, ಒಂದೊಂದು ನಗುವನ್ನೂ ಎಲ್ಲಿ ಆರಂಭಿಸಬೇಕು, ಎಲ್ಲಿ ಕತ್ತರಿಸಬೇಕು ಎಂದು ನೋಡುತ್ತಾ ಕಳೆದದ್ದು ಅವನ ಪಾಲಿನ ಸಾಲಾಯಿತು. ಅದೇ ಶಾಟನ್ನು ಮೂವತ್ತು ನಲವತ್ತು ಸಲ ನೋಡಿದ ಮೇಲೆ ಅಳು ನಿಲ್ಲುತ್ತದೆ, ಕೆಲಸ ಮಾತ್ರ ಉಳಿಯುತ್ತದೆ ಎಂದು ಅವನು ಹೇಳಿದ. ಮಾಡುವವನಿಗೂ ನೋಡುವವನಿಗೂ ಇರುವ ದೊಡ್ಡ ವ್ಯತ್ಯಾಸ ಇದು. ಎಡಿಟ್ ನೋಡುವವರನ್ನು ದುಃಖದೊಳಕ್ಕೆ ಕರೆದೊಯ್ಯುತ್ತದೆ, ಮಾಡಿದವನನ್ನು ಅಷ್ಟಿಷ್ಟಾಗಿ ಹೊರಕ್ಕೆ ತರುತ್ತದೆ.

ವೀಕ್ಷಣೆಯ ಆಸೆ ಇರಲಿಲ್ಲವೇ ಎಂದರೆ ಇತ್ತು, ಅವನು ಅದನ್ನು ಮುಚ್ಚಿಡಲೂ ಇಲ್ಲ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದ ಮೇಲೆ ರೀಲ್ಸ್ ಕಡೆ ಹೊರಳಿದ ಅನೇಕರಲ್ಲಿ ಅವನೂ ಒಬ್ಬ, ಸಣ್ಣ ಅಭಿಮಾನಿ ಪುಟವೊಂದನ್ನು ನಡೆಸುತ್ತಿದ್ದ. ಆ ವಾರ ಅಪ್ಪು ಅವರ ಯಾವ ತುಣುಕು ಹಾಕಿದರೂ ಓಡುತ್ತಿತ್ತು ಎಂಬುದು ಅವನಿಗೆ ಗೊತ್ತಿತ್ತು. ಶೋಕವೂ ಗಮನದ ಹಂಬಲವೂ ಒಂದೇ ಕೈಯಲ್ಲಿ ಇರುವುದನ್ನು ಕಂಡು ಮುಖ ಸಿಂಡರಿಸುವವರು, ನಮ್ಮೂರ ಸಾವಿನ ಮನೆಗಳಲ್ಲಿ ಯಾರು ಎಷ್ಟು ಜೋರಾಗಿ ಅತ್ತರು ಎಂದು ಎಣಿಸುವ ಹಳೆಯ ರೂಢಿಯನ್ನೂ ನೆನಪಿಸಿಕೊಳ್ಳಬಹುದು. ಅವನು ಒಂದು ಗೆರೆಯನ್ನು ಮಾತ್ರ ದಾಟಲಿಲ್ಲ. ನೀನಿಲ್ಲದ ಮೇಲೆ ನಮಗೇಕೆ ಬದುಕು ಎಂಬ ಧಾಟಿಯ ಅಕ್ಷರಗಳನ್ನು ಅವನು ಹಾಕಲಿಲ್ಲ. ಅಭಿಮಾನಿಗಳ ಸಾವಿನ ವರದಿಗಳು ಬರುತ್ತಿದ್ದ, ಯಾರೂ ದುಡುಕಬೇಡಿ ಎಂದು ರಾಜ್ ಕುಟುಂಬವೇ ಕೈಮುಗಿದು ಕೇಳಿಕೊಂಡಿದ್ದ ದಿನಗಳವು. ಅಂಥ ಅಕ್ಷರಗಳಿದ್ದ ಎಡಿಟ್‌ಗಳು ಆಗ ಕಡಿಮೆಯೇನೂ ಇರಲಿಲ್ಲ, ಮತ್ತು ಅವು ಹಾಕಬಾರದಾಗಿದ್ದವು ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ನೋಡಿದವರ ಪೈಕಿ ಮೂವರ ಮಾತನ್ನು ಇಲ್ಲಿ ಕೊಡುತ್ತೇನೆ, ಏಕೆಂದರೆ ಮೂವರೂ ಒಂದೇ ತುಣುಕನ್ನು ನೋಡಿ ಮೂರು ಬೇರೆ ಅನುಭವಗಳನ್ನು ಪಡೆದರು.

ಅರವತ್ತು ದಾಟಿದ ಗೃಹಿಣಿಯೊಬ್ಬರು 'ಭಾಗ್ಯವಂತ'ವನ್ನು ಟೆಂಟಿನಲ್ಲಿ ನೋಡಿದವರು. ಅವರಿಗೆ ಮೊದಲ ಸಾಲು ಕೇಳಿದ ಕೂಡಲೇ ನೆನಪಾದದ್ದು ಪುನೀತರಲ್ಲ, ಆ ಹಾಡು ಹಾಡಿ ತಾವು ಮಲಗಿಸುತ್ತಿದ್ದ ತಮ್ಮ ಮಗ. ಮಗ ಈಗ ಹೊರದೇಶದಲ್ಲಿದ್ದಾನೆ. "ನಮ್ಮ ಕಣ್ಣೆದುರಿಗೆ ಬೆಳೆದ ಮಗು ಕಣಪ್ಪ ಅದು. ನಮ್ಮ ಮಕ್ಕಳ ಜೊತೇಲೇ ದೊಡ್ಡೋನಾದ," ಎಂದರು. ಅವರ ಅಳುವಿನಲ್ಲಿ ತೀರಿಕೊಂಡ ನಟನಿಗೆ ಸೇರಿದ್ದು ಎಷ್ಟು, ಕಳೆದುಹೋದ ತಮ್ಮ ಹರೆಯಕ್ಕೆ ಸೇರಿದ್ದು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಶೋಕದ ಸಂಗೀತ ಕೇಳುವವರ ಬಗ್ಗೆ ಲಿಲಾ ತರುಫಿ ಮತ್ತು ಸ್ಟೆಫಾನ್ ಕೋಲ್ಶ್ 2014ರಲ್ಲಿ 772 ಜನರಿಂದ ಉತ್ತರ ಪಡೆದು ಪ್ರಕಟಿಸಿದ ಅಧ್ಯಯನದಲ್ಲಿ ಅತಿ ಹೆಚ್ಚು ಮಂದಿ ಹೆಸರಿಸಿದ ಭಾವ ದುಃಖವಾಗಿರಲಿಲ್ಲ, ಗತಕಾಲದ ಹಂಬಲವಾಗಿತ್ತು. ಈ ತಾಯಿಯ ಮಾತು ಅದಕ್ಕೆ ಹೊಂದುತ್ತದೆ.

ಎರಡನೆಯವಳು ಹದಿನೇಳರ ಹುಡುಗಿ. ಹಳೆಯ ಚಿತ್ರಗಳನ್ನು ಅವಳು ನೋಡಿಯೇ ಇರಲಿಲ್ಲ, ಹಾಡುತ್ತಿರುವುದು ಯಾರೆಂದೂ ಅವಳಿಗೆ ಗೊತ್ತಿರಲಿಲ್ಲ. ಆದರೂ ಅತ್ತಳು. ಅತ್ತ ಮೇಲೆ ಹಗುರವೆನಿಸಿತು, ಮತ್ತೆರಡು ಸಲ ನೋಡಿದೆ ಎಂದಳು. ಹಾಡಿದ್ದು ಪುನೀತರೇ ಎಂದು ಆಮೇಲೆ ತಿಳಿದಾಗ ಪುನಃ ನೋಡಿದಳು, ಆಗ ಹಗುರವಾಗಲಿಲ್ಲ. ಮೊದಲ ನೋಟದಲ್ಲಿ ಅವಳಿಗೆ ಸಿಕ್ಕದ್ದು ಮನ ಕರಗುವ ಸುಖ. ಶೋಕದ ಚಿತ್ರಗಳನ್ನು ಜನ ಇಷ್ಟಪಡುವುದು ದುಃಖಕ್ಕಾಗಿ ಅಲ್ಲ, ದುಃಖದ ಜೊತೆಗೆ ಬರುವ ಈ ಕರಗುವಿಕೆಗಾಗಿ ಎಂದು ಯೂಲಿಯಾನ್ ಹಾನಿಶ್ ಮತ್ತು ಸಂಗಡಿಗರು ವಾದಿಸಿದ್ದಾರೆ. ಎರಡನೆಯ ನೋಟದಲ್ಲಿ ಅವಳಿಗೆ ಸಿಕ್ಕದ್ದು ಬೇರೆ, ಒಬ್ಬ ನಿಜವಾದ ಮನುಷ್ಯ ಸತ್ತಿದ್ದಾನೆ ಎಂಬ ಅರಿವು.

ಮೂರನೆಯವರು ಎಡಿಟನ್ನು ಪೂರ್ತಿ ನೋಡಲಿಲ್ಲ. ಅವರ ತಮ್ಮ ಅದೇ ವಯಸ್ಸಿನಲ್ಲಿ, ಅದೇ ರೀತಿ ಹೃದಯಾಘಾತದಿಂದ ಹೋಗಿ ಒಂದು ವರ್ಷವೂ ಆಗಿರಲಿಲ್ಲ. ಮಗುವಿನ ದನಿ ಬರುತ್ತಿದ್ದಂತೆ ಫೋನ್ ಮಗುಚಿಟ್ಟರು. ಚೆನ್ನಾಗಿ ಮಾಡಿದ್ದಾನೆ, ಆದರೆ ನನಗೆ ಬೇಡ ಎಂದರು. ಆದರೆ ಬೇಡವೆಂದವರನ್ನೂ ಆ ತಿಂಗಳು ಇಂಥ ಎಡಿಟ್‌ಗಳು ಬಿಡಲಿಲ್ಲ. ಒಂದನ್ನು ನೋಡಿ ನಿಂತವರಿಗೆ ಇನ್ನೂ ಹತ್ತು ಬರುತ್ತಿದ್ದವು, ಹತ್ತು ನೋಡಿದವರಿಗೆ ನಿದ್ದೆ ಬರುತ್ತಿರಲಿಲ್ಲ.

ನಮ್ಮ ಕಾವ್ಯಮೀಮಾಂಸೆಯಲ್ಲಿ ಈ ಮೂವರ ವ್ಯತ್ಯಾಸವನ್ನು ಹೇಳಲು ಸಿದ್ಧವಾದ ಒಂದು ದಾರಿಯಿದೆ. ಲೋಕದ ಶೋಕ ಬೇರೆ, ಕರುಣರಸ ಬೇರೆ. ಶೋಕವು ನನ್ನದು, ಅವನದು, ಇಂಥವನದು ಎಂಬ ಗುರುತನ್ನು ಕಳಚಿಕೊಂಡು ಸಾಧಾರಣೀಕರಣಗೊಂಡಾಗ ಮಾತ್ರ ರಸವಾಗಿ ಆಸ್ವಾದಕ್ಕೆ ಒದಗುತ್ತದೆ ಎನ್ನುತ್ತಾರೆ ಆಲಂಕಾರಿಕರು. ಹದಿನೇಳರ ಹುಡುಗಿಯ ಮೊದಲ ನೋಟ ರಸಾನುಭವಕ್ಕೆ ಹತ್ತಿರ. ತಮ್ಮನನ್ನು ಕಳೆದುಕೊಂಡವರಿಗೆ ಅದು ಲೋಕದ ಶೋಕವೇ, ಅದರಲ್ಲಿ ಆಸ್ವಾದಿಸುವುದಕ್ಕೆ ಏನೂ ಇಲ್ಲ. ಆದರೆ ಆ ತಾಯಿ ಎಲ್ಲಿ ನಿಲ್ಲುತ್ತಾರೆ? ಅವರ ದುಃಖಕ್ಕೆ ಹೆಸರಿದೆ, ಮುಖವಿದೆ, ಆದರೂ ಅವರು ಅದನ್ನು ಮತ್ತೆ ಮತ್ತೆ ನೋಡುತ್ತಾರೆ, ನೋಡಿ ಸಮಾಧಾನ ಪಡೆಯುತ್ತಾರೆ. ನಟ ತೀರಿಕೊಂಡ ಮೇಲಿನ ಎಡಿಟ್ ಈ ಎರಡರ ನಡುವಿನ ಜಾಗದಲ್ಲಿ ಕೆಲಸ ಮಾಡುತ್ತದೆಂದು ನನಗನಿಸುತ್ತದೆ. ಅದರ ಸಾಮಗ್ರಿ ಕಟ್ಟುಕಥೆಯದು, ಅದರ ಕಾರಣ ನಿಜವಾದ ಸಾವು. ಬದುಕಿರುವ ನಟನ ಶೋಕದೃಶ್ಯಗಳ ಎಡಿಟ್‌ಗೆ ಈ ಗುಣ ಬರುವುದಿಲ್ಲ, ಅದು ಎಷ್ಟೇ ಕುಶಲವಾಗಿದ್ದರೂ ಕಥೆಯ ಪಾತ್ರಕ್ಕೆ ಮರುಗುವುದರಲ್ಲಿ ನಿಲ್ಲುತ್ತದೆ.

ಹಕ್ಕುಸ್ವಾಮ್ಯದ ತೊಡಕು ನಾಲ್ಕನೆಯ ದಿನ ಬಂತು. ಹಾಡಿನ ಹಕ್ಕು ಹೊಂದಿದವರ ಪರವಾಗಿ ಸ್ವಯಂಚಾಲಿತ ವ್ಯವಸ್ಥೆ ಅದನ್ನು ಗುರುತಿಸಿ ಒಂದು ವೇದಿಕೆಯಲ್ಲಿ ಧ್ವನಿಯನ್ನು ಅಳಿಸಿತು. ವೇಗ ತಗ್ಗಿಸಿದರೆ ಈ ವ್ಯವಸ್ಥೆಗಳು ಮೋಸ ಹೋಗುತ್ತವೆ ಎಂಬ ನಂಬಿಕೆ ಎಡಿಟ್ ಮಾಡುವವರಲ್ಲಿದೆ, ಕೆಲವೊಮ್ಮೆ ಹಾಗಾಗುವುದೂ ಉಂಟು, ಆದರೆ ಶೇ. 92ರ ವೇಗಕ್ಕೆ ಇಳಿಸಿದ ಅಲ್ಪ ಬದಲಾವಣೆ ಅದಕ್ಕೆ ಸಾಕಾಗಲಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು ವಿಮರ್ಶೆ, ಖಾಸಗಿ ಬಳಕೆ ಮುಂತಾದವುಗಳಿಗೆ ವಿನಾಯಿತಿ ಕೊಡುತ್ತದೆ. ಅಭಿಮಾನಿಯ ನಮನ ಅವುಗಳಲ್ಲಿ ಯಾವುದಕ್ಕೂ ಸಲೀಸಾಗಿ ಸೇರುವುದಿಲ್ಲ. ದನಿಯಿಲ್ಲದ ಆ ಪ್ರತಿ ಎರಡು ದಿನ ಹಾಗೇ ಇತ್ತು. ಅದನ್ನು ಮೊದಲ ಸಲ ನೋಡಿದವರಿಗೆ ಅದೊಂದು ಸಾಮಾನ್ಯ ಅಭಿಮಾನಿ ವಿಡಿಯೋ ಎನಿಸಿತು, ಯಾರೂ ಅತ್ತದ್ದು ತಿಳಿದಿಲ್ಲ. ಸಂಗೀತದ ಪಾಲು ಎಷ್ಟೆಂಬುದಕ್ಕೆ ಇದಕ್ಕಿಂತ ನೇರವಾದ ಪರೀಕ್ಷೆಯನ್ನು ಯಾರೂ ಯೋಜಿಸಿ ಮಾಡಲಾರರು. ಮೂವತ್ತು ಸೆಕೆಂಡುಗಳಿಗೆ ಮೊಟಕಾದ ಸ್ಟೇಟಸ್ ಪ್ರತಿಗಳು ಮಾತ್ರ ವಾಟ್ಸಾಪ್‌ನಲ್ಲಿ ದನಿಸಹಿತ ಓಡಾಡುತ್ತಲೇ ಇದ್ದವು. ಅವುಗಳಲ್ಲಿ ಬಾಲಕನ ಮುಖ ಬರುವ ಮೊದಲೇ ತುಣುಕು ಮುಗಿಯುತ್ತಿತ್ತು.

ಆ ನಂತರದ ವರ್ಷ ಅಭಿಮಾನಿಗಳ ಕಿವಿಗೆ ಇನ್ನೊಂದು ಅನುಭವ ಕಾದಿತ್ತು. 2022ರ ಮಾರ್ಚ್ 17ರಂದು, ಪುನೀತರ ಹುಟ್ಟುಹಬ್ಬದ ದಿನ, 'ಜೇಮ್ಸ್' ಬಿಡುಗಡೆಯಾದಾಗ ಅವರ ಪಾತ್ರಕ್ಕೆ ಶಿವರಾಜ್‌ಕುಮಾರ್ ದನಿ ಕೊಟ್ಟಿದ್ದರು. ತೆರೆಯ ಮೇಲೆ ಮುಖ ಇತ್ತು, ದನಿ ಅಣ್ಣನದಾಗಿತ್ತು. ನಮ್ಮ ಸಂಕಲನಕಾರನಿಗೆ ಅಲ್ಲಿ ತನ್ನ ಎಡಿಟ್‌ನ ತಿರುವುಮುರುವು ಕಂಡಿತಂತೆ, ಏಕೆಂದರೆ ಅವನದರಲ್ಲಿ ದನಿ ಪುನೀತರದೇ, ವಯಸ್ಸು ಮಾತ್ರ ಬೇರೆ. ಆ ವರ್ಷದ ಅಕ್ಟೋಬರ್ 28ಕ್ಕೆ 'ಗಂಧದ ಗುಡಿ' ಬಂತು. ಅದರಲ್ಲಿ ಪುನೀತ್ ಪಾತ್ರವಾಗಿ ಅಲ್ಲದೆ ತಾವಾಗಿಯೇ ಕಾಡು ಸುತ್ತುತ್ತಾರೆ. ಅದನ್ನು ನೋಡಿ ಬಂದ ಮೇಲೆ ಅವನು ಎಡಿಟನ್ನು ಮತ್ತೆ ತೆರೆದು, ಆ ಚಿತ್ರದ ದೃಶ್ಯ ಸೇರಿಸಬೇಕೇ ಎಂದು ಯೋಚಿಸಿ, ಸೇರಿಸದೆ ಬಿಟ್ಟ. ಅಲ್ಲಿನ ನಗು ಈಗಾಗಲೇ ನಿಜದ್ದು, ಅದನ್ನು ಬಿಡಿಸಿ ತರಬೇಕಾದ ಕಥೆಯೇ ಇಲ್ಲ ಎಂಬುದು ಅವನು ಕೊಟ್ಟ ಕಾರಣ. ಮೊದಲ ಪುಣ್ಯತಿಥಿಯಂದು ಹಳೆಯ ಪ್ರತಿಯನ್ನೇ, ಕೊನೆಯಲ್ಲಿದ್ದ ಹುಟ್ಟು ಸಾವಿನ ಇಸವಿಗಳನ್ನು ಅಳಿಸಿ, ಇನ್ನೊಮ್ಮೆ ಹಾಕಿದ. ಈ ಸಲ ಅಳುವಿನ ಮಾತುಗಳಿಗಿಂತ ಹೆಚ್ಚಾಗಿ ಬಂದದ್ದು ಕೈಮುಗಿದ ಚಿಹ್ನೆಗಳು, ಜೊತೆಗೆ ಇದರ ಪೂರ್ತಿ ಹಾಡು ಎಲ್ಲಿ ಸಿಗುತ್ತದೆ, ಮಗುವನ್ನು ಮಲಗಿಸಲು ಬೇಕಿತ್ತು ಎಂದು ಕೇಳಿದವರ ವಿಚಾರಣೆಗಳು.